ಹಣ ಬಂತು, ಆರ್ಡರ್ ಎಲ್ಲಿ?

ಭಾನುವಾರ ಬೆಳಗ್ಗೆ 9 ಗಂಟೆ. ಬಡಾವಣೆಯ ಹೋಟೆಲೊಂದರ ವೆಬ್‌ಸೈಟಿನಲ್ಲಿ ಗ್ರಾಹಕರೊಬ್ಬರು ಎರಡು ಮಸಾಲೆ ದೋಸೆ, ಒಂದು ಕೇಸರಿಬಾತ್ ಆರಿಸಿ, ಯುಪಿಐನಲ್ಲಿ ಹಣ ಕಟ್ಟಿ ಫೋನ್ ಜೇಬಿಗಿಳಿಸಿದರು ಎನ್ನೋಣ. ಅರ್ಧ ಗಂಟೆ ಬಿಟ್ಟು ಪಾರ್ಸೆಲ್ ಕೇಳಲು ಬಂದರೆ ಅಡುಗೆಮನೆಗೆ ಸುದ್ದಿಯೇ ಇಲ್ಲ.

ಹೀಗಾಗಲು ಎಡೆಯಿರುವ ಜಾಗಗಳು ಹಲವು. ಮೊದಲನೆಯದು ಮೆನು. ಪುಟ ತೆರೆದಾಗ ಇದ್ದ ಕೇಸರಿಬಾತ್ ಹಣ ಕಟ್ಟುವ ಹೊತ್ತಿಗೆ ಮುಗಿದಿರಬಹುದು. ಹಾಗಾಗಿ ಪಾತ್ರೆ ಬರಿದಾದ ಕೂಡಲೇ ಕೌಂಟರಿನವರು ಒಂದು ಗುಂಡಿ ಒತ್ತಿ ‘ಖಾಲಿ’ ಎಂದು ಗುರುತು ಹಾಕುವಂತಿರಬೇಕು; ಹಣ ಕೇಳುವ ಮುನ್ನ ಸರ್ವರ್ ಆ ಗುರುತನ್ನು ಇನ್ನೊಮ್ಮೆ ನೋಡಬೇಕು. ಬೆಲೆಯದೂ ಅಷ್ಟೇ. ದೋಸೆಗೆ 70, ಕೇಸರಿಬಾತ್‌ಗೆ 40 ಎಂದರೆ ಒಟ್ಟು 180, ಶೇ 5 ಜಿಎಸ್‌ಟಿ ಸೇರಿ 189 ರೂಪಾಯಿ. ಈ ಲೆಕ್ಕವನ್ನು ಸರ್ವರೇ ಹಾಕಬೇಕು. ಫೋನಿನಿಂದ ಬಂದ ಮೊತ್ತವನ್ನು ಯಾರು ಬೇಕಾದರೂ ತಿದ್ದಿರಬಹುದು.

ಎರಡನೆಯದು ಹಣದ ದಾರಿ. ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿದ ಗ್ರಾಹಕರು ಹೋಟೆಲಿನ ಪುಟಕ್ಕೆ ವಾಪಸ್ ಬರದೆಯೂ ಇರಬಹುದು. ಅವರು ಬಂದರಷ್ಟೇ ಆರ್ಡರ್ ಪಕ್ಕಾ ಎಂದು ಸೈಟ್ ಕಟ್ಟಿದ್ದರೆ ಕೆಲಸ ಕೆಟ್ಟಂತೆ. ಇದಕ್ಕಾಗಿಯೇ ಪೇಮೆಂಟ್ ಗೇಟ್‌ವೇ ತಾನಾಗಿ ಹೋಟೆಲಿನ ಸರ್ವರ್‌ಗೆ ‘ವೆಬ್‌ಹುಕ್’ ಎಂಬ ಸಂದೇಶ ಕಳಿಸುತ್ತದೆ. ಆ ಸಂದೇಶ ಕೆಲವೊಮ್ಮೆ ಎರಡು ಸಲ ಬರುತ್ತದೆ. ಆರ್ಡರ್ ಸಂಖ್ಯೆ ನೋಡಿ ಎರಡನೆಯದನ್ನು ಬಿಡದಿದ್ದರೆ ಕಾವಲಿ ಮೇಲೆ ನಾಲ್ಕು ದೋಸೆ!

ಇನ್ನು ಅಡುಗೆಮನೆ. ಇಲ್ಲಿರುವ ಟ್ಯಾಬ್ ಸದ್ದಿಲ್ಲದೆ ಕೈಕೊಡುತ್ತದೆ. ಪುಟವನ್ನು ಯಾರಾದರೂ ಒಮ್ಮೆ ಮುಟ್ಟುವವರೆಗೆ ಸಾಮಾನ್ಯವಾಗಿ ಬ್ರೌಸರ್ ಗಂಟೆ ಬಾರಿಸಲು ಬಿಡುವುದಿಲ್ಲ. ಬೆಳಗ್ಗೆ ‘ಹೋಟೆಲ್ ಶುರು’ ಎಂಬ ಗುಂಡಿ ಒತ್ತಿಸುವುದು ಇದಕ್ಕೆ ಸುಲಭದ ಮದ್ದು. ವೈಫೈ ಹೋಗಿ ಬಂದರೆ ನಡುವೆ ಬಂದ ಆರ್ಡರ್ ಕಾಣದೇ ಹೋಗಬಹುದು. ಆದ್ದರಿಂದ ಮತ್ತೆ ಸಂಪರ್ಕ ಸಿಕ್ಕಾಗ, ಯಾರೂ ಒಪ್ಪದ ಆರ್ಡರ್‌ಗಳನ್ನೆಲ್ಲ ಟ್ಯಾಬ್ ಕೇಳಿ ತರಿಸಿಕೊಳ್ಳಬೇಕು. ಪ್ರಿಂಟರ್‌ಗೆ ಕಳಿಸಿದ ಮಾತ್ರಕ್ಕೆ ಚೀಟಿ ಬಂತೆಂದೂ ಅಲ್ಲ, ರೋಲ್ ಮುಗಿದಿರಬಹುದು.

ಹೀಗಾಗಿ ‘ಕಳಿಸಿದೆ’ ಮತ್ತು ‘ಒಪ್ಪಿದೆ’ ಎರಡನ್ನೂ ಬೇರೆ ಬೇರೆಯಾಗಿ ಇಡಬೇಕು. ಅಡುಗೆಯವರು ಬೆರಳಿಟ್ಟು ಒಪ್ಪುವವರೆಗೆ ಗಂಟೆ ಬಾರಿಸುತ್ತಲೇ ಇರುತ್ತದೆ. ಮೂರು ನಿಮಿಷವಾದರೂ ಒಪ್ಪದಿದ್ದರೆ ಮಾಲೀಕರ ಫೋನಿಗೆ ಕರೆ ಹೋಗುತ್ತದೆ. ‘ತಯಾರಾಗುತ್ತಿದೆ’ ಎಂಬ ಮಾತು ಗ್ರಾಹಕರಿಗೆ ಕಾಣುವುದು ಒಪ್ಪಿಗೆ ಸಿಕ್ಕ ಮೇಲೆಯೇ. ಚೀಟಿಯಲ್ಲಿ ಬೆಲೆ ಬೇಕಿಲ್ಲ. ‘2 ಮಸಾಲೆ, ಒಂದಕ್ಕೆ ಈರುಳ್ಳಿ ಬೇಡ, ಪಾರ್ಸೆಲ್’ ಎಂದು ದಪ್ಪ ಅಕ್ಷರದಲ್ಲಿದ್ದರೆ ಕಾವಲಿ ಮುಂದೆ ನಿಂತವರಿಗೆ ಸಾಕು.

ರಾತ್ರಿ ಲೆಕ್ಕ ಮುಗಿಸುವಾಗ ಗೇಟ್‌ವೇ ಪಟ್ಟಿಯನ್ನು ಒಪ್ಪಿದ ಆರ್ಡರ್‌ಗಳ ಜತೆ ತಾಳೆ ನೋಡಬೇಕು. ಹಣ ಬಂದು ಒಪ್ಪಿಗೆ ಸಿಗದ ಸಾಲು ಒಂದಿದ್ದರೂ, ಅದರ ಹಣ ಅಂದೇ ಗ್ರಾಹಕರಿಗೆ ಮರಳಬೇಕು.