ಮೂರು ವರ್ಷದ ಬಾಡಿಗೆ ಕರಾರು: ಲಾಭ ಇರುವುದು ಖಾಲಿ ಬೀಳದ ತಿಂಗಳಲ್ಲಿ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಹತ್ತನೇ ತಿಂಗಳು ಬಂತೆಂದರೆ ಮಾಲೀಕರು ಈ ಸಲ ಎಷ್ಟು ಏರಿಸುವುದು ಎಂದು ಅಕ್ಕಪಕ್ಕದಲ್ಲಿ ವಿಚಾರಿಸತೊಡಗುತ್ತಾರೆ. ಬಾಡಿಗೆಗೆ ಇರುವವರು ಬೇರೆ ಬೀದಿಗಳ ‘ಟು ಲೆಟ್’ ಬೋರ್ಡುಗಳ ಮೇಲೆ ಕಣ್ಣಾಡಿಸುತ್ತಾರೆ. ಈ ಹನ್ನೊಂದು ತಿಂಗಳ ರೂಢಿಗೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಎನ್ನುತ್ತದೆ ಅದು. ಆ ಖರ್ಚು, ಓಡಾಟ ಬೇಡವೆಂದು ಜನ ಹನ್ನೊಂದಕ್ಕೇ ನಿಲ್ಲಿಸಿಕೊಂಡರು.

ಇದಕ್ಕೆ ಬದಲಾಗಿ ಮಾಲೀಕರೇ ಮೂರು ವರ್ಷದ ಕರಾರಿನ ಮಾತು ಎತ್ತಿದರೆ? ಇದು ನಮ್ಮಲ್ಲಿ ‘ಲೀಸಿಗೆ ಹಾಕುವುದು’ ಎನ್ನುತ್ತೇವಲ್ಲ, ಒಟ್ಟಿಗೆ ಹಣ ಕೊಟ್ಟು ಬಾಡಿಗೆಯಿಲ್ಲದೆ ಇರುವ ಆ ಭೋಗ್ಯವಲ್ಲ. ತಿಂಗಳ ಬಾಡಿಗೆಯೇ. ಆದರೆ ಮೂರು ವರ್ಷಕ್ಕೆ ಮಾತು ಮುಗಿದಿರುತ್ತದೆ, ವರ್ಷಕ್ಕೆ ಎಷ್ಟು ಏರುತ್ತದೆ ಎಂಬುದೂ ಮೊದಲೇ ಬರೆದಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮೊದಲ ಮಹಡಿ ಮನೆ. ಕೆಳಗೆ ಮಾಲೀಕರಾದ ನಿವೃತ್ತ ಶಿಕ್ಷಕಿ, ಮೇಲೆ ಗಂಡ ಹೆಂಡತಿ ಮತ್ತು ಐದನೇ ಕ್ಲಾಸಿನ ಮಗಳು. ಬಾಡಿಗೆ 20,000 ರೂಪಾಯಿ. ಕರಾರು ಮುಗಿಯಲು ಎರಡು ತಿಂಗಳಿರುವಾಗ ಮೇಡಂ ಹೇಳುತ್ತಾರೆ: “ನೋಡಪ್ಪಾ, ವರ್ಷ ವರ್ಷ ಈ ಚೌಕಾಸಿ ಬೇಡ. ಮೂರು ವರ್ಷಕ್ಕೆ ಬರೆದುಬಿಡೋಣ. ವರ್ಷಕ್ಕೆ ಐದು ಪರ್ಸೆಂಟ್, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಲ್ಲ.”

ಮೇಡಂಗೆ ಇದರಲ್ಲಿ ನಷ್ಟ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಹೊಸಬರು ಬಂದರೆ ಶೇಕಡಾ ಹತ್ತು ಏರಿಸಬಹುದಿತ್ತಲ್ಲ! ಲೆಕ್ಕ ಹಾಕಿ ನೋಡೋಣ. ಶೇಕಡಾ ಐದರ ಕರಾರಿನಲ್ಲಿ ಮೊದಲ ವರ್ಷ ತಿಂಗಳಿಗೆ 20,000, ಎರಡನೇ ವರ್ಷ 21,000, ಮೂರನೇ ವರ್ಷ 22,050. ಮೂರು ವರ್ಷಕ್ಕೆ ಒಟ್ಟು 7,56,600 ರೂಪಾಯಿ ಬರುತ್ತದೆ.

ಈಗ ಇನ್ನೊಂದು ದಾರಿ. ಪ್ರತಿ ವರ್ಷ ಹೊಸಬರನ್ನು ತಂದು, ಪ್ರತಿ ಸಲ ಶೇಕಡಾ ಹತ್ತು ಏರಿಸುತ್ತಾರೆ ಎನ್ನಿ. ಬಾಡಿಗೆ 20,000, ಆಮೇಲೆ 22,000, ಆಮೇಲೆ 24,200. ಆದರೆ ಒಬ್ಬರು ಖಾಲಿ ಮಾಡಿ, ಸುಣ್ಣಬಣ್ಣ ಆಗಿ, ಇನ್ನೊಬ್ಬರು ಹಾಲುಕ್ಕಿಸುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಎರಡನೇ ಮತ್ತು ಮೂರನೇ ವರ್ಷ ಕೈಗೆ ಬರುವುದು ಹನ್ನೊಂದು ತಿಂಗಳ ಬಾಡಿಗೆ ಮಾತ್ರ. ಒಟ್ಟು 7,48,200 ರೂಪಾಯಿ. ದುಪ್ಪಟ್ಟು ಏರಿಸಿಯೂ 8,400 ರೂಪಾಯಿ ಕಡಿಮೆ! ಬ್ರೋಕರ್ ಕಮಿಷನ್ ಇದರಲ್ಲಿ ಸೇರಿಲ್ಲ. ಎರಡು ತಿಂಗಳು ಖಾಲಿ ಬಿದ್ದರಂತೂ ಹೇಳುವುದೇ ಬೇಡ. ಮಾಲೀಕರ ಲಾಭ ಏರಿಕೆಯ ದರದಲ್ಲಿಲ್ಲ, ಮನೆಗೆ ಬೀಗ ಬೀಳದಿರುವುದರಲ್ಲಿದೆ.

ಬಾಡಿಗೆಗೆ ಇರುವವರ ಕಡೆಯ ಲೆಕ್ಕವೂ ಇದೇ ಬುಡದಿಂದ ಹುಟ್ಟುತ್ತದೆ. ಎರಡನೇ ವರ್ಷದ ಏರಿಕೆ ತಿಂಗಳಿಗೆ ಸಾವಿರ, ವರ್ಷಕ್ಕೆ 12,000. ಅದನ್ನು ತಪ್ಪಿಸಲು ಮನೆ ಬದಲಿಸಿದರೆ ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿಯುತ್ತಾರೆ. ಹೊಸ ಮನೆ ತೋರಿಸಿದ ಬ್ರೋಕರಿಗೆ ಇನ್ನೊಂದು ತಿಂಗಳದ್ದು. ಅಲ್ಲಿಗೇ 40,000 ದಾಟಿತು. ಲಾರಿ ಬಾಡಿಗೆ ಬೇರೆ. ಮಗಳು ಐದರಿಂದ ಏಳನೇ ಕ್ಲಾಸು ಮುಗಿಸುವವರೆಗೆ ಶಾಲೆ, ವ್ಯಾನು ಬದಲಾಗುವುದಿಲ್ಲ ಎಂಬುದಕ್ಕೆ ಬೆಲೆ ಕಟ್ಟುವುದು ಅವರವರಿಗೆ ಬಿಟ್ಟದ್ದು.

ಹಾಗೆಂದು ಇಬ್ಬರೂ ಏನನ್ನೂ ಬಿಟ್ಟುಕೊಡುವುದಿಲ್ಲ ಎಂದಲ್ಲ. 2020ರಲ್ಲಿ ಕೋವಿಡ್ ಬಂದು ಜನ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಬಾಡಿಗೆ ಇಳಿಯಿತು. ಅಂಥ ವರ್ಷದಲ್ಲಿ ನಿಗದಿತ ಏರಿಕೆ ಬಾಡಿಗೆದಾರರಿಗೆ ಭಾರ. ಕಚೇರಿಗಳು ಮತ್ತೆ ತೆರೆದ ಮೇಲೆ ಬಾಡಿಗೆ ಒಮ್ಮೆಲೇ ಜಿಗಿಯಿತು. ಆಗ ಕೈಕಟ್ಟಿ ಕೂರಬೇಕಾದವರು ಮಾಲೀಕರು. ಮಾರುಕಟ್ಟೆಯ ಏರಿಳಿತವನ್ನು ಇಬ್ಬರೂ ಹಂಚಿಕೊಳ್ಳುವುದೇ ಈ ಒಪ್ಪಂದ.

ಬರೆಯುವಾಗ ಎಡವುವ ಜಾಗ ಒಂದಿದೆ. “ವರ್ಷಕ್ಕೆ ಶೇಕಡಾ 10 ಏರಿಕೆ” ಎಂದಷ್ಟೇ ಬರೆದರೆ, ಮೂರನೇ ವರ್ಷ ಒಬ್ಬರು ಮೂಲ ಬಾಡಿಗೆಯ ಮೇಲೆ ಹತ್ತು ಎಂದು 24,000 ಅನ್ನುತ್ತಾರೆ, ಇನ್ನೊಬ್ಬರು ಹಿಂದಿನ ವರ್ಷದ್ದರ ಮೇಲೆ ಎಂದು 24,200 ಅನ್ನುತ್ತಾರೆ. ಆದ್ದರಿಂದ ಪರ್ಸೆಂಟಿನ ಜೊತೆಗೆ ಯಾವ ತಾರೀಖಿನಿಂದ ಎಷ್ಟು ರೂಪಾಯಿ ಎಂದು ಮೂರು ಸಾಲು ಬರೆಯಬೇಕು. ಅಡ್ವಾನ್ಸ್ ಹೆಚ್ಚುವುದಿಲ್ಲ ಎಂಬುದನ್ನೂ, ಸುಣ್ಣಬಣ್ಣಕ್ಕೆ ಮುರಿಯುವುದು ಯಾವ ವರ್ಷದ ಬಾಡಿಗೆ ಎಂಬುದನ್ನೂ ಅಲ್ಲೇ ಸೇರಿಸಬೇಕು.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು: ಮೂರು ವರ್ಷದ ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಮುದ್ರೆ ಹಾಕಿಸಿ, ಕೆಲಸ ಮುಗಿಯಿತು ಎಂದುಕೊಳ್ಳುವುದು. ನೋಟರಿ ಮಾಡಿಸಿದರೆ ನೋಂದಣಿಯಾದಂತೆ ಅಲ್ಲ. ನೋಂದಣಿಯಾಗದ ಅಂಥ ಕರಾರಿನ ಮೂರು ವರ್ಷದ ಅವಧಿಯನ್ನಾಗಲಿ ಏರಿಕೆಯನ್ನಾಗಲಿ ನ್ಯಾಯಾಲಯದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯ ಲೆಕ್ಕಕ್ಕೆ ಇಳಿಯುತ್ತದೆ. ಹದಿನೈದು ದಿನದ ನೋಟಿಸು ಕೊಟ್ಟು ಯಾರು ಬೇಕಾದರೂ ಮುಗಿಸಬಹುದು. ಇಬ್ಬರೂ ನೆಚ್ಚಿಕೊಂಡಿದ್ದ ಮೂರು ವರ್ಷ ಹದಿನೈದು ದಿನವಾಗುತ್ತದೆ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಅಲ್ಲಿ ಬಾಡಿಗೆ, ಅಡ್ವಾನ್ಸ್ ಮತ್ತು ಅವಧಿ ನೋಡಿ ಕಟ್ಟಿಸಿಕೊಳ್ಳುತ್ತಾರೆ. ಮೊದಲೇ ಮೊತ್ತ ಕೇಳಿಕೊಂಡು ಅರ್ಧರ್ಧ ಹಾಕಿಕೊಂಡರೆ ಯಾರ ಮೇಲೂ ಹೊರೆಯಾಗದು.

ನಡುವೆ ಹೊರಗೆ ಬರುವ ಬಾಗಿಲನ್ನೂ ಬರೆದಿಡಬೇಕು. ಗಂಡನಿಗೆ ಹುಬ್ಬಳ್ಳಿಗೆ ವರ್ಗವಾದರೆ? ಮೊದಲ ಹನ್ನೆರಡು ತಿಂಗಳು ಬಿಡುವಂತಿಲ್ಲ, ಆಮೇಲೆ ಎರಡು ತಿಂಗಳ ನೋಟಿಸು ಕೊಟ್ಟು ಹೋಗಬಹುದು ಎಂದು ಬರೆದರೆ ನ್ಯಾಯ. ಮಾಲೀಕರ ಕೈ ಮಾತ್ರ ಹೆಚ್ಚು ಬಿಗಿ. ಬಾಡಿಗೆ ಬಾಕಿ, ಮನೆಗೆ ಹಾನಿ, ಒಳಬಾಡಿಗೆ ಇಂಥ ಕಾರಣಗಳನ್ನು ಕರಾರಿನಲ್ಲಿ ಹೆಸರಿಸದಿದ್ದರೆ ಅವಧಿಯ ನಡುವೆ ಬಿಡಿಸುವುದು ಸುಲಭವಲ್ಲ. ಮನೆ ಮಾರಿದರೂ ಕೊಂಡವರು ಈ ಕರಾರಿಗೆ ಕಟ್ಟುಬಿದ್ದೇ ಬರುತ್ತಾರೆ. ವಿದೇಶದಿಂದ ಮಗ ಎರಡು ವರ್ಷದಲ್ಲಿ ಮರಳುತ್ತಾನೆ ಎಂದಿದ್ದರೆ ಮೇಡಂ ಮೂರು ವರ್ಷದ ಮಾತು ಎತ್ತದಿರುವುದೇ ಒಳ್ಳೆಯದು.

“ಮೂರು ವರ್ಷ ಬಿಟ್ಟರೆ ಮನೆ ಅವರದ್ದೇ ಆಗಿಬಿಡುತ್ತದೆ” ಎಂಬ ಭಯ ಅನೇಕರಿಗಿದೆ. ಬಾಡಿಗೆ ಕೊಡುತ್ತ, ಮಾಲೀಕರ ಒಪ್ಪಿಗೆಯ ಮೇಲೆ ಇರುವವರು ಎಷ್ಟೇ ವರ್ಷ ಇದ್ದರೂ ಬರೀ ಅಷ್ಟರಿಂದ ಒಡೆಯರಾಗುವುದಿಲ್ಲ. ನೋಂದಣಿಯಾದ ಕರಾರು ಈ ಮಾತನ್ನೇ ಸಾಕ್ಷಿ ಸಮೇತ ಹೇಳುತ್ತದೆ: ಇವರು ಬಾಡಿಗೆಗೆ ಬಂದವರು, ಇಂಥ ದಿನ ಇವರ ಅವಧಿ ಮುಗಿಯುತ್ತದೆ.

ಹೀಗೆಲ್ಲ ಬರೆದು ಮುಗಿಸಿದ ಮೇಲೆ ಹದಿಮೂರನೇ ತಿಂಗಳು ಬರುತ್ತದೆ. ಮೇಡಂ ಮೆಟ್ಟಿಲು ಹತ್ತಿ ಕೇಳಬೇಕಾಗಿಲ್ಲ. ಮೇಲಿನವರು ಕರಾರಿನ ಎರಡನೇ ಸಾಲು ನೋಡಿ 21,000 ರೂಪಾಯಿ ಕಳಿಸುತ್ತಾರೆ.