ಮೊದಲ ವರ್ಷದ ದಿನ: ನೆನಪಿಸಿದರೆ ನೋವಾಗುತ್ತದೆಯೇ?

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಅದೇ ರಾತ್ರಿ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರಾದ ನಟ ಅಂಬರೀಶ್ ತೀರಿಕೊಂಡರು. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಆ ದಿನಾಂಕವನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯಂತೂ ಅದನ್ನು ಮರೆತಿರುವುದಿಲ್ಲ. ಆದ್ದರಿಂದ ನಮ್ಮ ಪತ್ರ ಹೊಸ ನೋವನ್ನು ತರುವುದಿಲ್ಲ. ಆ ಹೆಸರನ್ನು ಯಾರೂ ಎತ್ತದಿರುವುದೇ ಹೆಚ್ಚು ನೋಯಿಸುತ್ತದೆ.

ಆದರೆ ದಿನ ಯಾವುದೆಂದು ಮೊದಲು ವಿಚಾರಿಸಿರಿ. ಕ್ರೈಸ್ತರು ವರ್ಷದ ಬಲಿಪೂಜೆಗೆ ತಾರೀಕು ನೋಡುತ್ತಾರೆ. ಹಿಂದೂ ಮನೆಗಳಲ್ಲಿ ಅನೇಕರು ತಿಥಿ ನೋಡುತ್ತಾರೆ. ಆ ದುರಂತ ನಡೆದದ್ದು ಕಾರ್ತಿಕ ಹುಣ್ಣಿಮೆಯ ಮರುದಿನ. 2019ರಲ್ಲಿ ಅದು ನವೆಂಬರ್ 13ರ ಸುಮಾರಿಗೇ ಬಂತು. ತಾರೀಕಿಗೆ ಕಾದವರ ಪತ್ರ ಎಡೆ ಇಟ್ಟಾದ ಮೇಲೆ ತಲುಪಿದಂತಾಯಿತು.

ಎರಡು ದಿನ ಮುಂಚೆ ತಲುಪುವಂತೆ ನಾಲ್ಕು ಸಾಲು ಬರೆದರೆ ಸಾಕು. ತೀರಿಕೊಂಡವರ ಹೆಸರಿರಲಿ, ನೀವೇ ಕಂಡ ಒಂದು ಸಣ್ಣ ಸಂಗತಿ ಇರಲಿ: "ನಿಮ್ಮ ಮಗಳು ನಮ್ಮ ಅಂಗಡಿಯಲ್ಲಿ ಕಡ್ಲೆಮಿಠಾಯಿಯನ್ನೇ ಕೇಳುತ್ತಿದ್ದಳು." ಉತ್ತರ ಬರೆಯಬೇಕಿಲ್ಲವೆಂದೂ ತಿಳಿಸಿರಿ. ತಿಥಿ ಊಟಕ್ಕೆ ಅಕ್ಕಿ, ಬೆಲ್ಲ ಕಳುಹಿಸುವುದಾದರೆ ಮನೆಯ ಹಿರಿಯರನ್ನು ಕೇಳಿಯೇ ಕಳುಹಿಸಿರಿ. ಅಪಘಾತದ ಚಿತ್ರವನ್ನು ಮಾತ್ರ ವಾಟ್ಸಾಪಿನಲ್ಲಿ ಯಾರಿಗೂ ಹಾಕಬೇಡಿರಿ.