ಎರಡು ಚುಕ್ಕೆಯಲ್ಲ, ಎರಡು ತ್ರಿಕೋನ

ಇಂಗ್ಲಿಷ್ ಪಾಠ ಹೇಳುವ ಗೆಳೆಯರೊಬ್ಬರು ಪಠ್ಯಪುಸ್ತಕದ ಒಂದು ಪುಟದ ಫೋಟೊ ಕಳಿಸಿದ್ದರು. ಪ್ರತಿ ಪದದ ಪಕ್ಕ, ಎರಡು ಓರೆಗೆರೆಗಳ ನಡುವೆ, ಅದರ ಉಚ್ಚಾರಣೆ ಅಚ್ಚಾಗಿತ್ತು. ಅದನ್ನು ನೋಡಿಕೊಂಡು ಮಕ್ಕಳಿಗಾಗಿ ಒಂದು ಪಟ್ಟಿ ಟೈಪ್ ಮಾಡಿದ್ದರು. ಆದರೆ ಉಚ್ಚಾರಣೆ ಹಾಕಿ ಹುಡುಕಿದರೆ ಅರ್ಧಕ್ಕರ್ಧ ಪದ ಸಿಗುತ್ತಿಲ್ಲ ಎಂಬುದು ಅವರ ಗೋಳು. ‘ಯೂಶುವಲಿ’ ಪದದ ಸಾಲನ್ನೇ ತೆಗೆದುಕೊಳ್ಳಿ. ಸರಿಯಾಗಿ ಬರೆದರೆ ಅದು /ˈjuːʒuəli/. ಅವರ ಪಟ್ಟಿಯಲ್ಲಿದ್ದದ್ದು /'ju:ʒuәli/. ಓದುವ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮೂರು ಕಡೆ ಬೇರೆ ಬೇರೆ.

ಇದು ನಮಗೆ ಹೊಸ ಕಾಯಿಲೆಯೇನಲ್ಲ. ‘ಬೆಂಗಳೂರು’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿ ‘ಬೆ೦ಗಳೂರು’ ಮಾಡುವವರು ಇಂದಿಗೂ ಇದ್ದಾರೆ. ಕಾಗದದ ಮೇಲೆ ಎರಡೂ ದುಂಡಗಿನ ಸೊನ್ನೆಯೇ. ಯೂನಿಕೋಡ್ ಮಾತ್ರ ಒಂದಕ್ಕೆ U+0C82, ಇನ್ನೊಂದಕ್ಕೆ U+0CE6 ಎಂದು ಸಂಖ್ಯೆ ಕೊಟ್ಟಿದೆ. ಹುಡುಕಾಟ ನಡೆಯುವುದು ಈ ಸಂಖ್ಯೆಗಳ ಮೇಲೆ, ಆಕಾರದ ಮೇಲಲ್ಲ.

ಗೆಳೆಯರ ಸಾಲಿನ ಮೊದಲ ತಪ್ಪು ಮುಂದಿನ ಪುಟ್ಟ ಗೀಟು. ಅದು ಪದದ ಯಾವ ಭಾಗಕ್ಕೆ ಒತ್ತು ಕೊಡಬೇಕು ಎಂದು ಹೇಳುವ ಚಿಹ್ನೆ, U+02C8. ಅವರು ಕೀಲಿಮಣೆಯ ಅಪಾಸ್ಟ್ರಫಿ ಒತ್ತಿದ್ದರು. ವರ್ಡ್‌ನಂಥ ತಂತ್ರಾಂಶ ಅದನ್ನು ಉದ್ಧರಣ ಚಿಹ್ನೆಯೆಂದೇ ತಿಳಿದು ಎಷ್ಟೋ ಸಲ ಬಾಗಿಸಿಬಿಡುತ್ತದೆ. ಒತ್ತಿನ ಗೀಟು ಬಾಗಿ ಕಂಡರೆ ಅಲ್ಲೇನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಎರಡನೆಯದು ದೀರ್ಘದ ಗುರುತು. ಅದನ್ನು ಕೋಲನ್ ಎಂದು ಹೆಚ್ಚಿನವರು ನಂಬಿದ್ದಾರೆ. ದೊಡ್ಡದು ಮಾಡಿ ನೋಡಿದರೆ ಅಲ್ಲಿರುವುದು ಚುಕ್ಕೆಗಳಲ್ಲ, ಮೂತಿಗೆ ಮೂತಿ ಕೊಟ್ಟು ನಿಂತ ಎರಡು ಪುಟ್ಟ ತ್ರಿಕೋನಗಳು: ː, ಅಂದರೆ U+02D0. ಯೂನಿಕೋಡ್ ಇದನ್ನು ಅಕ್ಷರಗಳ ಸಾಲಿಗೆ ಸೇರಿಸಿದೆ, ಕೋಲನ್ನನ್ನು ವಿರಾಮಚಿಹ್ನೆಗಳ ಸಾಲಿಗೆ.

ಮೂರನೆಯದು ತಲೆಕೆಳಗಾದ ಇ, ‘ಶ್ವಾ’ ಎಂಬ ಸಡಿಲ ಸ್ವರ. ನಿಜವಾದ ಕಿಲಾಡಿ ಇದು. ಉಚ್ಚಾರಣೆಗೆ ಬೇಕಾದದ್ದು ə, U+0259. ಗೆಳೆಯರು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದು ә, U+04D9. ಅದು ಕಜಾಖ್ ಭಾಷೆ ಬಳಸುವ ಸಿರಿಲಿಕ್ ಅಕ್ಷರ. ಇವೆರಡೂ ಸಾಲದೆಂಬಂತೆ ǝ, U+01DD ಕೂಡ ಇದೆ. ಸಣ್ಣಕ್ಷರದಲ್ಲಿ ಅದೂ ಇದರ ಜೋಡಿಯೇ, ಆದರೆ ಅದರ ದೊಡ್ಡಕ್ಷರ Ǝ, ನಮ್ಮ ಶ್ವಾದ್ದು Ə. ಮುಖ ನೋಡಿ ಇವನ್ನು ಬೇರ್ಪಡಿಸಲು ಹೋಗಬಾರದು, ಸಂಖ್ಯೆ ಕೇಳಬೇಕು. ವಿಂಡೋಸ್‌ನ ವರ್ಡ್‌ನಲ್ಲಿ ಆ ಅಕ್ಷರದ ಮುಂದೆ ಕರ್ಸರ್ ಇಟ್ಟು Alt+X ಒತ್ತಿದರೆ ಸಂಖ್ಯೆ ಕಾಣುತ್ತದೆ, ಮತ್ತೆ ಒತ್ತಿದರೆ ಅಕ್ಷರ ಮರಳುತ್ತದೆ. 02D0 ಎಂದು ಟೈಪ್ ಮಾಡಿ ಅದನ್ನೇ ಒತ್ತಿದರೆ ತ್ರಿಕೋನ ಬರುತ್ತದೆ. ಸಂಖ್ಯೆಯ ಬೆನ್ನಿಗೇ a ಯಿಂದ f ವರೆಗಿನ ಅಕ್ಷರವಿದ್ದರೆ ವರ್ಡ್ ಅದನ್ನೂ ಸಂಖ್ಯೆಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ನಾಲ್ಕನ್ನೇ ಆಯ್ದು ಒತ್ತುವುದು ಒಳ್ಳೆಯದು.

ಫೋಟೊ ಇಲ್ಲಿ ನೆರವಾಗುವುದು ಸ್ವಲ್ಪವೇ. ಅದರಲ್ಲಿರುವುದು ಮಸಿಯ ಗುರುತು, ಸಂಖ್ಯೆಯಲ್ಲ. ಪುಸ್ತಕ ಜೋಡಿಸಿದವರೇ ಕೋಲನ್ ಹಾಕಿರಲೂಬಹುದು. ಆದ್ದರಿಂದ ‘ಹೇಗೆ ಕಾಣುತ್ತದೆ’ ಎನ್ನುವುದಕ್ಕಿಂತ ‘ಏನು ಕೆಲಸ ಮಾಡುತ್ತಿದೆ’ ಎಂದು ಕೇಳಿ ಆರಿಸಬೇಕು. ಓರೆ ಅಚ್ಚಿನಲ್ಲಿ a ಮತ್ತು ɑ ಒಂದೇ ಆಗಿಬಿಡುತ್ತವೆ, ಎಷ್ಟು ದೊಡ್ಡದು ಮಾಡಿದರೂ ಬೇರೆಯಾಗುವುದಿಲ್ಲ. ಆದರೆ ಬ್ರಿಟಿಷ್ ಇಂಗ್ಲಿಷಿನ ಪಠ್ಯಗಳಲ್ಲಿ ರೂಢಿಯಲ್ಲಿರುವ ಪದ್ಧತಿಯಂತೆ ಮುಂದೆ ದೀರ್ಘದ ಗುರುತಿದ್ದರೆ ಅದು ‘ಕಾರ್’ನಲ್ಲಿರುವ ɑː, ಮುಂದೆ ɪ ಅಥವಾ ʊ ಇದ್ದರೆ ಸಾದಾ a, ‘ಟೈಮ್’ ಮತ್ತು ‘ಹೌಸ್’ನಲ್ಲಿರುವಂತೆ. ಹಾಗೆಯೇ ‘ಶಿಪ್’ನ ಶಕಾರಕ್ಕೆ ಬೇಕಾದದ್ದು ʃ, U+0283. ಗಣಿತದ ಚಿಹ್ನೆಗಳಿಂದ ∫ ತಂದು ಕೂರಿಸಿದರೆ ಅದು ಓರೆಯಾಗಿ, ಉದ್ದವಾಗಿ, ಸಾಲಿನಲ್ಲಿ ಹೊರಗಿನವನಂತೆ ನಿಲ್ಲುತ್ತದೆ.

ಇಷ್ಟು ಕೇಳಿದ ಗೆಳೆಯರು, ‘ಹಾಗಾದರೆ ಎಲ್ಲವನ್ನೂ ಉಚ್ಚಾರಣೆಯ ಚಿಹ್ನೆಗಳ ವಿಭಾಗದಿಂದಲೇ ತೆಗೆದುಕೊಂಡರಾಯಿತಲ್ಲ ಸಾರ್’ ಎಂದರು. ಆಗುವುದಿಲ್ಲ. U+0250ರಿಂದ U+02AFವರೆಗಿನ ಆ ವಿಭಾಗದಲ್ಲಿ ದೀರ್ಘದ ಗುರುತೂ ಇಲ್ಲ, ಒತ್ತಿನ ಗೀಟೂ ಇಲ್ಲ. ಅವು ಪಕ್ಕದ ವಿಭಾಗದವು. ‘ಥಿಂಕ್’ನ ಮೊದಲ ಧ್ವನಿಗೆ θ ಬೇಕು, ಅದು ಗ್ರೀಕ್ ಅಕ್ಷರವೇ, U+03B8, ಇದಕ್ಕೆಂದು ಬೇರೆ ಥೀಟಾ ಹುಡುಕುವ ಅಗತ್ಯವಿಲ್ಲ. ಅದೇ ಪದದ ŋ ಮಾತ್ರ ಗ್ರೀಕಿನ η ಅಲ್ಲ, U+014Bಯಲ್ಲಿರುವ ಲ್ಯಾಟಿನ್ ಅಕ್ಷರ.

ಕೊನೆಗೆ ಉಳಿದದ್ದು ಗಕಾರ. ಅದಕ್ಕೆಂದೇ ɡ, U+0261 ಇದೆ. ಆದರೆ ಕೀಲಿಮಣೆಯ g ಯನ್ನೂ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘ ಒಪ್ಪುತ್ತದೆ. ಗೆಳೆಯರ ಪಟ್ಟಿಯಲ್ಲಿ ಕೆಲವು ಪದಗಳಿಗೆ ಇದು, ಕೆಲವಕ್ಕೆ ಅದು ಇತ್ತು. ಯಾವುದಾದರೂ ಸರಿ, ಒಂದನ್ನೇ ಇಟ್ಟುಕೊಳ್ಳಿ ಎಂದೆ. ಅವರು ಕೀಲಿಮಣೆಯದನ್ನೇ ಇಟ್ಟುಕೊಂಡರು.